ಪೊಟ್ಟಣ ಬಿಚ್ಚಿದಾಗ ತಿಳಿಯುವ ಲೆಕ್ಕ

ಮನೆ ಸಾಲಕ್ಕೋ ವ್ಯಾಪಾರದ ಸಾಲಕ್ಕೋ ಹೋದರೆ ಬ್ಯಾಂಕು ಸಂಬಳದ ಚೀಟಿ, ತೆರಿಗೆ ಲೆಕ್ಕ, ಆಸ್ತಿ ಪತ್ರ ಎಲ್ಲವನ್ನೂ ಕೇಳುತ್ತದೆ. ಚಿನ್ನದ ಸಾಲಕ್ಕೆ ಅಷ್ಟೆಲ್ಲ ಬೇಕಿಲ್ಲ. ಶಾಖೆಯ ಮೂಲೆಯಲ್ಲಿ ತಕ್ಕಡಿ, ಒರೆಗಲ್ಲು ಇಟ್ಟುಕೊಂಡು ಕೂತ ಅಪ್ರೈಸರ್ ಒಡವೆಯನ್ನು ಉಜ್ಜಿ, ತೂಗಿ, ಇಷ್ಟು ಕ್ಯಾರೆಟ್, ಇಷ್ಟು ಗ್ರಾಂ ಎಂದು ಬರೆದುಕೊಡುತ್ತಾರೆ. ಸಾಲದ ಮೊತ್ತ ನಿಂತಿರುವುದು ಆ ಒಂದು ಚೀಟಿಯ ಮೇಲೆ. ಒಡವೆ ಪೊಟ್ಟಣ ಸೇರಿ ಮೊಹರು ಬಿದ್ದ ಮೇಲೆ ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ಹಾಗಾಗಿ ಚಿನ್ನದ ಸಾಲದ ಆಡಿಟ್ ಎಂದರೆ ಮುಖ್ಯವಾಗಿ ಆ ಚೀಟಿಯಲ್ಲಿ ಬರೆದದ್ದು ನಿಜವೇ ಎಂದು ಇನ್ನೊಬ್ಬರ ಕಣ್ಣಿನಿಂದ ನೋಡುವುದು.

ಒಳ್ಳೆಯ ಆಡಿಟರ್ ಮುನ್ಸೂಚನೆ ಕೊಡದೆ ಬರುತ್ತಾರೆ, ಬಂದವರು ಮೊದಲು ಕಡತ ಕೇಳದೆ ತಿಜೋರಿ ತೆರೆಸುತ್ತಾರೆ. ತಿಜೋರಿಗೆ ಎರಡು ಕೀ. ಒಂದು ವ್ಯವಸ್ಥಾಪಕರ ಬಳಿ, ಇನ್ನೊಂದು ಮತ್ತೊಬ್ಬ ಅಧಿಕಾರಿಯ ಬಳಿ ಇರಬೇಕು. ಇಬ್ಬರೂ ಸೇರದೆ ಬಾಗಿಲು ತೆರೆಯಬಾರದು. ಒಬ್ಬರೇ ಎರಡೂ ಕೀ ತೆಗೆದುಕೊಂಡು ಬಂದರೆ ಮಿಕ್ಕ ತಪಾಸಣೆಗೆ ಮೊದಲೇ ವರದಿಯ ಮೊದಲ ಸಾಲು ಸಿಕ್ಕಂತೆ. ಪೊಟ್ಟಣಗಳನ್ನು ಒಂದೊಂದಾಗಿ ಎಣಿಸಿ, ಮೇಲಿನ ಸಾಲದ ಸಂಖ್ಯೆಯನ್ನು ಕಂಪ್ಯೂಟರ್ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಪಟ್ಟಿಯಲ್ಲಿ ಇದ್ದು ತಿಜೋರಿಯಲ್ಲಿ ಇಲ್ಲದ ಪೊಟ್ಟಣ ಎಷ್ಟು ಅಪಾಯವೋ, ತಿಜೋರಿಯಲ್ಲಿ ಇದ್ದು ಪಟ್ಟಿಯಲ್ಲಿ ಇಲ್ಲದ್ದೂ ಅಷ್ಟೇ. ಸಾಲ ತೀರಿಸಿದವರ ಒಡವೆ ಇನ್ನೂ ಮರಳಿಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಗಿರಬಹುದು.

ಕೀ ವಿಚಾರವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2025ರಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯೊಂದರಿಂದ ಗ್ರಾಹಕರು ಅಡವಿಟ್ಟ ಐವತ್ತಕ್ಕೂ ಹೆಚ್ಚು ಕಿಲೋ ಚಿನ್ನ ಕಳುವಾಯಿತು. ತನಿಖೆಯಲ್ಲಿ ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು. ಅಧಿಕಾರಿ ವರ್ಗವಾದ ದಿನ ಕೀ ಹಸ್ತಾಂತರದ ಪುಸ್ತಕದಲ್ಲಿ ಇಬ್ಬರ ಸಹಿ ಇದೆಯೇ, ನಕಲಿ ಕೀಗಳು ಬೇರೆ ಶಾಖೆಯ ವಶದಲ್ಲಿವೆಯೇ ಎಂದು ನೋಡುವುದು ಬರೀ ಶಿಷ್ಟಾಚಾರವಲ್ಲ.

ಎಣಿಕೆ ಮುಗಿದ ಮೇಲೆ ಕೆಲವು ಪೊಟ್ಟಣಗಳನ್ನು ಆರಿಸಿ ಬಿಚ್ಚುತ್ತಾರೆ. ಯಾವುದನ್ನು ಆರಿಸಬೇಕು ಎಂಬುದರಲ್ಲಿ ಆಡಿಟರ್‌ನ ಜಾಣತನವೆಲ್ಲ ಇದೆ. ದೊಡ್ಡ ಮೊತ್ತದವು, ಒಂದೇ ದಿನ ಒಂದೇ ಮೊಬೈಲ್ ಸಂಖ್ಯೆಯಡಿ ಬಂದವು, ಅವಧಿ ಮುಗಿದ ದಿನವೇ ಮುಚ್ಚಿ ಅದೇ ಒಡವೆಯ ಮೇಲೆ ಮತ್ತೆ ತೆರೆದವು, ಬಡ್ಡಿಯ ಒಂದು ರೂಪಾಯಿಯೂ ಕಟ್ಟದವು ಮೊದಲು ಬರಬೇಕು. ಮರುಪರೀಕ್ಷೆಗೆ ಬರುವ ಅಪ್ರೈಸರ್ ಬೇರೆ ಊರಿನವರಾಗಿರಬೇಕು. ಮೊದಲು ಬರೆದವರೇ ಮತ್ತೆ ನೋಡಿದರೆ ಅದು ಪರೀಕ್ಷೆಯೇ ಅಲ್ಲ.

ಒರೆಗಲ್ಲು ಇವತ್ತಿಗೂ ನಂಬಿಕೆಯ ಸಾಧನ. ಒಡವೆಯನ್ನು ಕಲ್ಲಿಗೆ ಉಜ್ಜಿ, ಆ ಗೀರಿನ ಮೇಲೆ ಆಮ್ಲದ ಹನಿ ಬಿಟ್ಟರೆ ತಾಮ್ರ, ಬೆಳ್ಳಿ ಕರಗುತ್ತವೆ, ಚಿನ್ನ ಉಳಿಯುತ್ತದೆ. ತಿಳಿದ ಕ್ಯಾರೆಟ್‌ನ ಸೂಜಿಯ ಗೀರಿನ ಪಕ್ಕದಲ್ಲಿಟ್ಟು ಬಣ್ಣ ಹೋಲಿಸುತ್ತಾರೆ. ಆದರೆ ಗೀರು ಬರುವುದು ಉಜ್ಜಿದ ಜಾಗದ್ದು ಮಾತ್ರ. ಸರದ ಕೊಂಡಿಯನ್ನಷ್ಟೇ ಉಜ್ಜುವ ಅಭ್ಯಾಸ ಮೋಸಗಾರರಿಗೂ ಗೊತ್ತು. ಅವರು ಕೊಂಡಿಯನ್ನು ಅಪ್ಪಟ 22 ಕ್ಯಾರೆಟ್‌ನಲ್ಲಿ ಮಾಡಿಸಿ, ಸರವನ್ನು ಬೆಳ್ಳಿಯ ಮೇಲೆ ದಪ್ಪ ಚಿನ್ನದ ಹೊದಿಕೆ ಹಾಕಿಸುತ್ತಾರೆ. ಎಕ್ಸ್‌ರೇ ಯಂತ್ರವೂ ಮೇಲ್ಮೈಯ ತೆಳು ಪದರವನ್ನಷ್ಟೇ ಓದುವುದರಿಂದ ಅದರ ತೆರೆಯ ಮೇಲೆ ಬಂದ 916 ನೋಡಿ ನಿಶ್ಚಿಂತರಾಗುವಂತಿಲ್ಲ.

ಒಡವೆಗೆ ಗಾಯ ಮಾಡದೆ ಒಳಗನ್ನು ತಿಳಿಯಲು ನೀರಿನ ತೂಕ ನೆರವಾಗುತ್ತದೆ. ಗಾಳಿಯಲ್ಲಿ 20 ಗ್ರಾಂ ತೂಗುವ 22 ಕ್ಯಾರೆಟ್ ಗಟ್ಟಿ ಬಳೆ ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 18.9 ಗ್ರಾಂ ಬರಬೇಕು. ಒಳಗೆ ಬೆಳ್ಳಿಯಿದ್ದರೆ 18ರ ಹತ್ತಿರಕ್ಕೆ ಇಳಿಯುತ್ತದೆ. ಇದು ಕಲ್ಲು, ಅರಗು ಇರುವ ಅಥವಾ ಟೊಳ್ಳಾದ ಒಡವೆಗೆ ಒಗ್ಗುವುದಿಲ್ಲ. ಟಂಗ್‌ಸ್ಟನ್ ತುಂಬಿದ ಗಟ್ಟಿಯನ್ನೂ ಹಿಡಿಯುವುದಿಲ್ಲ, ಏಕೆಂದರೆ ಆ ಲೋಹದ ಸಾಂದ್ರತೆ ಶುದ್ಧ ಚಿನ್ನದಷ್ಟೇ.

ಅಪ್ಪಟ ನಕಲಿ ಸಿಕ್ಕರೆ ಸುದ್ದಿಯಾಗುತ್ತದೆ. ಆದರೆ ಚೂರುಚೂರೇ ಹೆಚ್ಚಿಸಿ ಬರೆದ ಲೆಕ್ಕವೇ ಸಾಮಾನ್ಯವಾಗಿ ಶಾಖೆಯನ್ನು ಸದ್ದಿಲ್ಲದೆ ಮುಳುಗಿಸುವುದು. ಲೆಕ್ಕಕ್ಕಾಗಿ ಒಂದು ನೆಕ್ಲೇಸ್ ಕಲ್ಪಿಸಿಕೊಳ್ಳೋಣ. ಒಟ್ಟು ತೂಕ 48 ಗ್ರಾಂ. ಕಲ್ಲು, ಅರಗಿಗೆ 2 ಗ್ರಾಂ ಕಳೆದು 46 ಗ್ರಾಂ, 22 ಕ್ಯಾರೆಟ್ ಎಂದು ಚೀಟಿಯಲ್ಲಿದೆ. ಗ್ರಾಂಗೆ 9,000 ರೂಪಾಯಿ ದರದಂತೆ ಬೆಲೆ 4,14,000. ಕೊಟ್ಟ ಸಾಲ 3,20,000, ವರ್ಷದ ಕೊನೆಗೆ ಶೇ. 10 ಬಡ್ಡಿಯೊಂದಿಗೆ ಒಟ್ಟಿಗೇ ಕಟ್ಟುವ ಒಪ್ಪಂದ. ಕಾಗದದ ಮೇಲೆ ಸಾಲ ಬೆಲೆಯ ಶೇ. 77 ಮಾತ್ರ, ನೋಡಲು ಅಚ್ಚುಕಟ್ಟು.

ಮರುಪರೀಕ್ಷೆಯಲ್ಲಿ ಕಲ್ಲು, ಅರಗೇ 4 ಗ್ರಾಂ, ಚಿನ್ನ 20 ಕ್ಯಾರೆಟ್ ಎಂದು ತಿಳಿಯಿತೆನ್ನಿ. ಉಳಿದ 44 ಗ್ರಾಂ 20 ಕ್ಯಾರೆಟ್ ಚಿನ್ನ 22 ಕ್ಯಾರೆಟ್ ಲೆಕ್ಕದಲ್ಲಿ 40 ಗ್ರಾಂಗೆ ಸಮ, ಬೆಲೆ 3,60,000. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಪಾಲಿಸಬೇಕೆಂದ ನಿರ್ದೇಶನದಂತೆ, ಸ್ವಂತ ಖರ್ಚಿಗೆ ಪಡೆಯುವ ಸಾಲದಲ್ಲಿ ಎರಡೂವರೆ ಲಕ್ಷದವರೆಗೆ ಬೆಲೆಯ ಶೇ. 85, ಐದು ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಕ್ಕೆ ಶೇ. 75 ಮಿತಿ. ಕೊನೆಗೆ ಒಟ್ಟಿಗೇ ಕಟ್ಟುವ ಸಾಲವಾದರೆ ಅಸಲಿನ ಜೊತೆ ಬಡ್ಡಿಯನ್ನೂ ಸೇರಿಸಿ ಈ ಮಿತಿ ನೋಡಬೇಕು. ನಮ್ಮ ನೆಕ್ಲೇಸಿಗೆ ಕೊನೆಗೆ ಬರಬೇಕಾದದ್ದು 3,52,000, ಅಂದರೆ ನಿಜ ಬೆಲೆಯ ಶೇ. 98. ನಿಯಮ ಪಾಲಿಸಿದ್ದರೆ ಸಾಲ 2,62,000 ದಾಟುತ್ತಿರಲಿಲ್ಲ. ಎರಡು ಗ್ರಾಂ, ಎರಡು ಕ್ಯಾರೆಟ್ ಸೇರಿ ಬ್ಯಾಂಕಿನ ರಕ್ಷಣೆಯನ್ನೆಲ್ಲ ತಿಂದು ಹಾಕಿದವು.

ದರದಲ್ಲೂ ಕೈಚಳಕ ನಡೆಯದಂತೆ ನಿಯಮವಿದೆ. ಹಿಂದಿನ 30 ದಿನಗಳ ಸರಾಸರಿ ಮುಕ್ತಾಯ ದರ, ಹಿಂದಿನ ದಿನದ ಮುಕ್ತಾಯ ದರ, ಇವೆರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕು. ಕಲ್ಲಿನ ಬೆಲೆ, ಮಜೂರಿ ಯಾವುದೂ ಲೆಕ್ಕಕ್ಕಿಲ್ಲ. ಪರೀಕ್ಷೆ ಗ್ರಾಹಕರ ಎದುರೇ ನಡೆದು, ಒಟ್ಟು ತೂಕ, ಕಳೆದ ತೂಕ, ನಿವ್ವಳ ತೂಕ, ಶುದ್ಧತೆ, ಫೋಟೊ ಇರುವ ಪತ್ರದ ಪ್ರತಿ ಅವರ ಕೈಸೇರಬೇಕು. ಒಡವೆ ಇಡುವವರು ಆ ಪತ್ರವನ್ನು ಕೇಳಿ ಪಡೆಯಲೇಬೇಕು. ಮುಂದೆ ತಕರಾರು ಬಂದರೆ ಅವರ ಕೈಯಲ್ಲಿರುವ ಗಟ್ಟಿ ದಾಖಲೆ ಅದೇ.

ಸಾಲ ಕಟ್ಟದಿದ್ದರೆ ಹರಾಜು. ಇಲ್ಲಿ ಆಡಿಟರ್ ಗ್ರಾಹಕರ ಪರವಾಗಿ ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹರಾಜಿನ ದಿನ ಅವರು ಅಲ್ಲಿ ಇರುವುದೇ ಅಪರೂಪ. ಸಾಲಗಾರರಿಗೆ ನೋಟಿಸ್ ಹೋಗಿ, ತೀರಿಸಲು ಸಾಕಷ್ಟು ಸಮಯ ಸಿಕ್ಕಿರಬೇಕು. ಒಂದು ಪ್ರಾದೇಶಿಕ ಭಾಷೆಯ, ಒಂದು ರಾಷ್ಟ್ರೀಯ ಪತ್ರಿಕೆಯಲ್ಲಾದರೂ ಪ್ರಕಟಣೆ ಬಂದಿರಬೇಕು. ಮೊದಲ ಹರಾಜು ಶಾಖೆಯಿರುವ ಜಿಲ್ಲೆಯಲ್ಲೇ ಆಗಬೇಕು. ಕನಿಷ್ಠ ಬೆಲೆ ಆಗಿನ ಬೆಲೆಯ ಶೇ. 90ಕ್ಕಿಂತ ಕೆಳಗಿರುವಂತಿಲ್ಲ, ಎರಡು ಸಲ ಹರಾಜು ವಿಫಲವಾದರೆ ಮಾತ್ರ ಶೇ. 85ಕ್ಕೆ ಇಳಿಸಬಹುದು. ಬ್ಯಾಂಕಾಗಲಿ ಅದಕ್ಕೆ ಸಂಬಂಧಪಟ್ಟವರಾಗಲಿ ಕೊಳ್ಳುವಂತಿಲ್ಲ. ಹಲವು ಹರಾಜುಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಒಬ್ಬನೇ ವ್ಯಾಪಾರಿ ಪ್ರತಿ ಸಲ ಕನಿಷ್ಠ ಬೆಲೆಗಿಂತ ಕೂದಲೆಳೆಯಷ್ಟು ಮೇಲೆ ಕೂಗಿ ಗೆದ್ದಿರುವುದು ಕಣ್ಣಿಗೆ ಬೀಳಬಹುದು. ಅಲ್ಲಿಂದ ಆ ವ್ಯಾಪಾರಿಗೂ ಅಪ್ರೈಸರಿಗೂ ಏನು ನಂಟು ಎಂದು ಕೇಳಬೇಕು.

ಬಂದ ಹಣದಲ್ಲಿ ಬಾಕಿ ಕಳೆದು ಉಳಿದದ್ದು ಸಾಲಗಾರರದು. ಹರಾಜಿನ ಹಣ ಪೂರ್ತಿ ಕೈಸೇರಿದ 7 ಕೆಲಸದ ದಿನಗಳೊಳಗೆ ಅದನ್ನು ಹಿಂದಿರುಗಿಸಬೇಕು. ಹಲವು ತಿಂಗಳಿಂದ ಶಾಖೆಯ ಸಂಡ್ರಿ ಖಾತೆಯಲ್ಲಿ ಬಿದ್ದಿರುವ ಸಣ್ಣಸಣ್ಣ ಮೊತ್ತಗಳನ್ನು ಆಡಿಟರ್ ಬಿಡಿಸಿ ನೋಡಿದರೆ, ಒಡವೆ ಕಳೆದುಕೊಂಡ ಯಾವ ಮನೆಗೆ ಎಷ್ಟು ಹಣ ಇನ್ನೂ ತಲುಪಿಲ್ಲ ಎಂಬುದು ಹೆಸರು ಸಮೇತ ಹೊರಬರುತ್ತದೆ.