ಅಡ್ಮಿಷನ್ ಕಾಲ: ಅಪ್ಪ-ಅಮ್ಮನ ಮೊಬೈಲ್‌ಗೆ ಏನು ಕಳಿಸಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪಿಯು ಕಾಲೇಜುಗಳ ಪೋಸ್ಟರ್‌ಗಳು ಮೊಬೈಲ್ ತುಂಬಿಬಿಡುತ್ತವೆ. ಆದರೆ ಎಷ್ಟೋ ಮನೆಗಳಲ್ಲಿ ಕಾಲೇಜಿನ ಮಾತು ಪರೀಕ್ಷೆ ಮುಗಿದ ವಾರದಿಂದಲೇ ನಡೆದಿರುತ್ತದೆ. ಹಾಗಾಗಿ ಪೋಷಕರನ್ನು ತಲುಪಬೇಕಾದ ಕಾಲೇಜು ಫೆಬ್ರುವರಿಯಲ್ಲೇ ಯೋಜನೆ ಹಾಕಿಕೊಳ್ಳಬೇಕು.

ತಾಲ್ಲೂಕು ಕೇಂದ್ರದ ಒಂದು ಕಾಲೇಜನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲ ಕೆಲಸ, ಕಳೆದ ವರ್ಷ ಆಫೀಸಿಗೆ ಬಂದ ಪೋಷಕರು ಏನೇನು ಕೇಳಿದರು ಎಂದು ಗುಮಾಸ್ತರಿಂದ ಬರೆಸಿಕೊಳ್ಳುವುದು. ಒಟ್ಟು ಫೀಸು ಎಷ್ಟು, ಬಸ್ಸು ನಮ್ಮೂರಿಗೆ ಬರುತ್ತದೆಯೇ, ಹಾಸ್ಟೆಲ್‌ನಲ್ಲಿ ಹೆಣ್ಣುಮಕ್ಕಳನ್ನು ನೋಡಿಕೊಳ್ಳುವವರು ಯಾರು: ಈ ಪ್ರಶ್ನೆಗಳೇ ಪೋಸ್ಟ್‌ಗಳ ಪಟ್ಟಿ.

ಮಾರ್ಚ್‌ನಲ್ಲಿ ಸೀಟಿನ ಮಾತು ಬೇಡ. ಎಂಜಿನಿಯರಿಂಗ್‌ಗೆ ಗಣಿತ, ವೈದ್ಯಕೀಯಕ್ಕೆ ಜೀವಶಾಸ್ತ್ರ ಓದಿರಬೇಕು. ಪಿಸಿಎಂಬಿಯಲ್ಲಿ ಎರಡೂ ಇವೆ, ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇದೆ. ಇಷ್ಟನ್ನು ಉಪನ್ಯಾಸಕರೊಬ್ಬರು ಒಂದು ನಿಮಿಷದ ವಿಡಿಯೊದಲ್ಲಿ ಹೇಳಿದರೆ ಸಾಕು. ಏಪ್ರಿಲ್‌ನಲ್ಲಿ ಖರ್ಚು, ಬಸ್ಸು, ಹಾಸ್ಟೆಲ್ ವಿಷಯ ಬರಲಿ. ‘ಶುಲ್ಕದ ವಿವರಕ್ಕೆ ಸಂಪರ್ಕಿಸಿ’ ಎಂಬ ಸಾಲು ಕಂಡರೆ ಕೂಲಿನಾಲಿ ಮಾಡುವ ತಂದೆ ಇದು ನಮ್ಮ ಕೈಗೆಟುಕದ್ದು ಎಂದುಕೊಂಡು ಸುಮ್ಮನಾಗಬಹುದು. ಬೋಧನಾ ಶುಲ್ಕ, ಪುಸ್ತಕ, ಸಮವಸ್ತ್ರ, ಬಸ್ಸು, ಎಷ್ಟು ಕಂತು ಎಲ್ಲವನ್ನೂ ಒಂದೇ ಚಿತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಫಲಿತಾಂಶದ ವಾರ ಉಳಿದ ಸೀಟುಗಳು, ತರಬೇಕಾದ ದಾಖಲೆಗಳು, ಆಫೀಸಿನ ಸಮಯ ಇಷ್ಟೇ ಸಾಕು.

ಮಕ್ಕಳು ಇನ್‌ಸ್ಟಾಗ್ರಾಂನಲ್ಲಿದ್ದರೆ ಪೋಷಕರು ಹೆಚ್ಚಾಗಿ ಸಿಗುವುದು ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್‌ನಲ್ಲಿ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್‌ನಲ್ಲಿ ಒಂದು ತೊಡಕಿದೆ: ಕಾಲೇಜಿನ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಆದ್ದರಿಂದ ವಿಚಾರಿಸಲು ಬಂದವರಿಗೆ ಅಲ್ಲೇ ನಂಬರ್ ಸೇವ್ ಮಾಡಿಕೊಳ್ಳಲು ಹೇಳಬೇಕು. ಸ್ಟೇಟಸ್ 24 ಗಂಟೆಯಲ್ಲಿ ಅಳಿಯುವುದರಿಂದ ಫೀಸಿನ ವಿವರ ಅದರಲ್ಲಷ್ಟೇ ಇದ್ದರೆ ಸಾಲದು. ಹಣ ಕೊಟ್ಟು ಫೇಸ್‌ಬುಕ್ ಜಾಹೀರಾತು ಹಾಕುವುದಾದರೆ ಕಾಲೇಜಿನ ಬಸ್ಸು ಹೋಗುವ ಊರುಗಳಿಗೆ ಮಾತ್ರ ಹಾಕಿ.

ಟಾಪರ್‌ಗಳ ಫೋಟೊ ವಿಷಯದಲ್ಲಿ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಅದು. ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆದಿಟ್ಟುಕೊಳ್ಳಿ. ಹತ್ತು ಟಾಪರ್‌ಗಳ ಮುಖ ತೋರಿಸುವಾಗ ಪರೀಕ್ಷೆ ಬರೆದವರೆಷ್ಟು, ಪಾಸಾದವರೆಷ್ಟು ಎಂದೂ ಹೇಳಿ. ಸಾಧಾರಣ ಅಂಕದ ಮಗುವಿನ ತಾಯಿ ಹುಡುಕುವುದು ಆ ಲೆಕ್ಕವನ್ನೇ.

ಯೋಜನೆ ಕೆಡುವುದು ಬಹುಪಾಲು ಉತ್ತರ ಕೊಡುವಲ್ಲಿ. ಸಂಜೆ ಕೆಲಸ ಮುಗಿಸಿ ಪೋಷಕರು ಮೆಸೇಜ್ ಮಾಡುವ ಹೊತ್ತಿಗೆ ಆಫೀಸು ಮುಚ್ಚಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೆ ಉತ್ತರಿಸುವ ಹೊಣೆ ಒಬ್ಬರಿಗೆ ವಹಿಸಬೇಕು. ಅವರು ಒಂದು ಪುಸ್ತಕದಲ್ಲಿ ಊರು, ಕೇಳಿದ ಪ್ರಶ್ನೆ, ಕಾಲೇಜು ನೋಡಲು ಬಂದರೋ ಇಲ್ಲವೋ ಎಂದು ಬರೆದಿಡಲಿ. ಲೈಕುಗಳು ನೂರಿದ್ದು ನೋಡಲು ಬಂದವರು ಇಬ್ಬರೇ ಆದರೆ ಪೋಸ್ಟ್ ಬದಲಾಗಬೇಕು. ಒಂದೇ ಊರಿನವರು ಬಸ್ಸಿನ ಬಗ್ಗೆ ಮತ್ತೆ ಮತ್ತೆ ಕೇಳುತ್ತಿದ್ದರೆ ಬದಲಾಗಬೇಕಾದದ್ದು ಬಸ್ಸಿನ ದಾರಿ.