ಐದನೇ ತಾರೀಕಿನ ಲೆಕ್ಕ: ಪಿಪಿಎಫ್ ಪಾಸ್‌ಬುಕ್ ಓದುವ ಬಗೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ಅತ್ತಿಗೆ ತಮ್ಮ ಪಿಪಿಎಫ್ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಬಂದವರೇ ನನ್ನ ಮುಂದಿಟ್ಟರು. "ಬಡ್ಡಿ 33,370 ರೂಪಾಯಿ ಬಂದಿದೆ. ನನ್ನ ಲೆಕ್ಕದ ಪ್ರಕಾರ ಇನ್ನೂ ನೂರೆಪ್ಪತ್ತೇಳು ರೂಪಾಯಿ ಬರಬೇಕಿತ್ತು. ಬ್ಯಾಂಕಿನವರು ತಪ್ಪು ಮಾಡಿದ್ದಾರಾ, ನೋಡಿ ಹೇಳಿ" ಎಂದರು. ಮೊತ್ತ ಸಣ್ಣದು. ಆದರೆ ಆ ನೂರೆಪ್ಪತ್ತೇಳು ರೂಪಾಯಿ ಎಲ್ಲಿ ಹೋಯಿತು ಎಂದು ಹುಡುಕಿದರೆ ಪಿಪಿಎಫ್ ಬಡ್ಡಿಯ ಗುಟ್ಟೆಲ್ಲ ಕೈಗೆ ಸಿಗುತ್ತದೆ. ಹಾಗಾಗಿ ಇಬ್ಬರೂ ಪೆನ್ಸಿಲ್ ಹಿಡಿದು ಕೂತೆವು.

ಪಾಸ್‌ಬುಕ್‌ನಲ್ಲಿ ಹೀಗಿತ್ತು. 2024ರ ಏಪ್ರಿಲ್ 1ಕ್ಕೆ ಹಿಂದಿನ ಬಾಕಿ 4,17,500 ರೂಪಾಯಿ. ಏಪ್ರಿಲ್ 4ರಂದು 20,000, ಜುಲೈ 8ರಂದು 30,000, ಅಕ್ಟೋಬರ್ 5ರಂದು 25,000 ಜಮಾ. ಕೊನೆಗೆ 2025ರ ಮಾರ್ಚ್ 28ರಂದು 50,000. ಅದರ ಕೆಳಗೆ ಮಾರ್ಚ್ 31ರ ತಾರೀಕಿನಲ್ಲಿ ಬಡ್ಡಿ.

ಬಡ್ಡಿಯನ್ನು ಪ್ರತಿ ತಿಂಗಳೂ ಲೆಕ್ಕ ಹಾಕುತ್ತಾರೆ, ಆದರೆ ಖಾತೆಗೆ ಜಮಾ ಮಾಡುವುದು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ. ನಡುವೆ ಜುಲೈನಲ್ಲೋ ಡಿಸೆಂಬರ್‌ನಲ್ಲೋ ಎಂಟ್ರಿ ಹಾಕಿಸಿ "ಬಡ್ಡಿಯೇ ಬಂದಿಲ್ಲ" ಎಂದು ಗಾಬರಿಯಾಗಬೇಕಿಲ್ಲ. ತಿಂಗಳ ಲೆಕ್ಕಕ್ಕೆ ಹಿಡಿಯುವುದು ಯಾವ ಮೊತ್ತವನ್ನು ಎಂಬುದೇ ಮುಖ್ಯ. ಐದನೇ ತಾರೀಕು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಐದರೊಳಗೆ ಬಿದ್ದ ಹಣಕ್ಕೆ ಆ ತಿಂಗಳ ಬಡ್ಡಿ ಪೂರ್ತಿ ಸಿಗುತ್ತದೆ. ಆರರಂದು ಬಿದ್ದರೆ ಆ ತಿಂಗಳು ಅದಕ್ಕೆ ಬಿಡಿಗಾಸೂ ಇಲ್ಲ. ಐದು ಭಾನುವಾರವಾದರೂ ಗಡುವು ಸೋಮವಾರಕ್ಕೆ ಹೋಗುವುದಿಲ್ಲ. ಹಣ ತೆಗೆಯುವವರಿಗೂ ಇದೇ ನಿಯಮ: 25ರಂದು ತೆಗೆದರೆ, ಅಷ್ಟು ದಿನ ಖಾತೆಯಲ್ಲೇ ಇದ್ದ ಆ ಹಣಕ್ಕೆ ಆ ತಿಂಗಳ ಬಡ್ಡಿ ಹೋಯಿತು.

ಈ ಕಣ್ಣಿನಿಂದ ಅತ್ತಿಗೆಯ ಪುಟವನ್ನು ಮತ್ತೆ ನೋಡಿದೆವು. ಏಪ್ರಿಲ್ 4ರ ಹಣ ಗಡುವಿನೊಳಗೆ ಬಿದ್ದಿತ್ತು. ಹಾಗಾಗಿ ಏಪ್ರಿಲ್, ಮೇ, ಜೂನ್‌ಗೆ ಲೆಕ್ಕ 4,37,500ರ ಮೇಲೆ. ಜುಲೈಗೂ ಅಷ್ಟೇ, ಯಾಕೆಂದರೆ 30,000 ಬಿದ್ದದ್ದು 8ರಂದು. ಆಗಸ್ಟ್, ಸೆಪ್ಟೆಂಬರ್‌ಗೆ 4,67,500. ಅಕ್ಟೋಬರ್‌ನ ಹಣ ಸರಿಯಾಗಿ ಐದಕ್ಕೇ ಬಿದ್ದದ್ದರಿಂದ ಅಲ್ಲಿಂದ ಮಾರ್ಚ್‌ವರೆಗೆ ಆರು ತಿಂಗಳು 4,92,500. ಮಾರ್ಚ್ 28ರ 50,000ಕ್ಕೆ ಈ ವರ್ಷ ಬಡ್ಡಿಯೇ ಇಲ್ಲ, ಅದರ ಬಡ್ಡಿ ಏಪ್ರಿಲ್‌ನಿಂದ ಶುರು. ಹನ್ನೆರಡೂ ತಿಂಗಳ ಮೊತ್ತ ಕೂಡಿದರೆ 56,40,000. ಅದನ್ನು ಶೇಕಡಾ 7.1ರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ ಬರುವುದು 33,370 ರೂಪಾಯಿ. ಪಾಸ್‌ಬುಕ್‌ನಲ್ಲಿದ್ದದ್ದೂ ಅದೇ. ಬಡ್ಡಿ ದರ 2020ರ ಏಪ್ರಿಲ್‌ನಿಂದ ಆ ವರ್ಷದ ಕೊನೆಯವರೆಗೂ 7.1ರಲ್ಲೇ ನಿಂತಿದ್ದರಿಂದ ಲೆಕ್ಕ ಇಷ್ಟು ಸಲೀಸಾಯಿತು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ನಡುವೆ ಬದಲಾದರೆ ಆಯಾ ತಿಂಗಳಿಗೆ ಆಯಾ ದರ ಹಾಕಿಕೊಳ್ಳಬೇಕು.

"ಜುಲೈ ಚೆಕ್ ನಾನು ಮೂರನೇ ತಾರೀಕೇ ಕೊಟ್ಟಿದ್ದೆ" ಎಂದು ಅತ್ತಿಗೆ ಕೌಂಟರ್ ಫಾಯಿಲ್ ತೆಗೆದು ತೋರಿಸಿದರು. ಸೀಲಿನಲ್ಲಿ ಜುಲೈ 3 ಅಂತಲೇ ಇತ್ತು. ಆದರೆ ಅದು ಬೇರೆ ಬ್ಯಾಂಕಿನ ಚೆಕ್. ಚೆಕ್ ಕೊಟ್ಟ ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಕ್ಲಿಯರ್ ಆಗಿ ಹಣ ಬಂದ ದಿನವೇ ಠೇವಣಿಯ ದಿನ. 30,000ಕ್ಕೆ ಒಂದು ತಿಂಗಳ ಬಡ್ಡಿ 177 ರೂಪಾಯಿ 50 ಪೈಸೆ. ಅತ್ತಿಗೆಯ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ಇದ್ದ ವ್ಯತ್ಯಾಸ ಅಷ್ಟೇ.

ವರ್ಷದ ಹಣವನ್ನೆಲ್ಲ ಒಟ್ಟಿಗೆ ಕಟ್ಟುವವರಿಗೆ ಪೆಟ್ಟು ಇನ್ನೂ ದೊಡ್ಡದು. ಒಂದೂವರೆ ಲಕ್ಷ ಏಪ್ರಿಲ್ 5ರೊಳಗೆ ಬಿದ್ದರೆ ಆ ವರ್ಷ ಅದಕ್ಕೆ 10,650 ರೂಪಾಯಿ ಬಡ್ಡಿ. 6ಕ್ಕೆ ಬಿದ್ದರೆ 887 ರೂಪಾಯಿ 50 ಪೈಸೆ ಕಡಿಮೆ. ಮಾರ್ಚ್ ಕೊನೆಗೆ ಕಟ್ಟಿದರೆ ಆ ವರ್ಷದ ಬಡ್ಡಿ ಸೊನ್ನೆ. ಏಪ್ರಿಲ್ 1ರಂದು ಬ್ಯಾಂಕುಗಳು ವಾರ್ಷಿಕ ಲೆಕ್ಕದ ಸಲುವಾಗಿ ಗ್ರಾಹಕರಿಗೆ ತೆರೆದಿರುವುದಿಲ್ಲ ಎಂಬುದನ್ನೂ ನೆನಪಿಟ್ಟುಕೊಂಡರೆ, ಕೌಂಟರಿಗೆ ಹೋಗಿ ಕಟ್ಟುವವರ ಕೈಯಲ್ಲಿ ಉಳಿಯುವುದು ನಾಲ್ಕೇ ದಿನ. ಆದ್ದರಿಂದ ಏಪ್ರಿಲ್‌ನಲ್ಲಿ ಚೆಕ್ ಬೇಡವೇ ಬೇಡ, ಅದೇ ಬ್ಯಾಂಕಿನ ಉಳಿತಾಯ ಖಾತೆಯಿಂದ ವರ್ಗಾಯಿಸಿಬಿಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಮಾರ್ಚ್ ಕೊನೆಯ ಚೆಕ್ಕಿನಲ್ಲಿ ಇನ್ನೊಂದು ಅಪಾಯವಿದೆ. ಮಾರ್ಚ್ 29ರಂದು ಕೊಟ್ಟ ಒಂದೂವರೆ ಲಕ್ಷದ ಚೆಕ್ ಏಪ್ರಿಲ್ 2ಕ್ಕೆ ಕ್ಲಿಯರ್ ಆದರೆ ಅದು ಹೊಸ ವರ್ಷದ ಠೇವಣಿ. ಹೊಸ ವರ್ಷದ ಮಿತಿ ಅಲ್ಲಿಗೇ ಮುಗಿಯಿತು, ಹಳೆಯ ವರ್ಷದ ಪುಟ ಖಾಲಿ. ಆ ವರ್ಷ ಬೇರೇನೂ ಕಟ್ಟಿರದಿದ್ದರೆ ಕನಿಷ್ಠ 500 ರೂಪಾಯಿಯೂ ಬಿದ್ದಿಲ್ಲವೆಂದು ಖಾತೆ ಸ್ಥಗಿತವಾಗುತ್ತದೆ. ಆಮೇಲೆ ತಪ್ಪಿದ ಪ್ರತಿ ವರ್ಷಕ್ಕೆ 500 ರೂಪಾಯಿಯ ಜೊತೆ 50 ರೂಪಾಯಿ ದಂಡ ಕಟ್ಟಿ ಅದನ್ನು ಊರ್ಜಿತಗೊಳಿಸಿಕೊಳ್ಳಬೇಕು.

ಇಷ್ಟಾದ ಮೇಲೆ, ಬಡ್ಡಿಯ ಲೆಕ್ಕ ಸರಿಹೋಯಿತಲ್ಲ ಎಂದು ಅತ್ತಿಗೆ ಪಾಸ್‌ಬುಕ್ ಮಡಚಲು ಹೊರಟರು. ಮಗಳ ಪಾಸ್‌ಬುಕ್ಕನ್ನೂ ತನ್ನಿ ಎಂದೆ. ಆರನೇ ಕ್ಲಾಸಿನ ಹುಡುಗಿ. ಅವಳ ಹೆಸರಿನ ಪಿಪಿಎಫ್ ಖಾತೆ ಇನ್ನೊಂದು ಬ್ಯಾಂಕಿನಲ್ಲಿದೆ, ಪೋಷಕರ ಜಾಗದಲ್ಲಿ ಅತ್ತಿಗೆಯ ಹೆಸರಿದೆ. 2024ರ ಜೂನ್‌ನಲ್ಲಿ ಅದಕ್ಕೆ 50,000 ಕಟ್ಟಿದ್ದರು. ವರ್ಷಕ್ಕೆ ಒಂದೂವರೆ ಲಕ್ಷ ಎಂಬ ಮಿತಿ ಪ್ರತಿ ಖಾತೆಗೂ ಬೇರೆ ಬೇರೆ ಎಂದೇ ಅವರು ತಿಳಿದಿದ್ದರು. ಅದು ಹಾಗಲ್ಲ. ತಮ್ಮ ಖಾತೆ, ತಾವು ಪೋಷಕರಾಗಿರುವ ಅಪ್ರಾಪ್ತ ಮಕ್ಕಳ ಖಾತೆ ಎಲ್ಲ ಸೇರಿ ಒಂದೂವರೆ ಲಕ್ಷ. ಬಡ್ಡಿಯಾಗಿ ಜಮಾ ಆದದ್ದು ಇದರಲ್ಲಿ ಸೇರುವುದಿಲ್ಲ. ಸುಕನ್ಯಾ ಸಮೃದ್ಧಿ ಖಾತೆಗೆ ಅದರದ್ದೇ ಮಿತಿಯಿದೆ, ಬಹುಶಃ ಅತ್ತಿಗೆಗೆ ಗೊಂದಲವಾದದ್ದು ಅದರಿಂದಲೇ.

ಅತ್ತಿಗೆಯ ಖಾತೆಯ 1,25,000ಕ್ಕೆ ಮಗಳ 50,000 ಸೇರಿಸಿದರೆ 1,75,000. ಮಿತಿ ದಾಟಿದ್ದು 25,000. ಒಂದೇ ಖಾತೆಯಾಗಿದ್ದರೆ ಬ್ಯಾಂಕಿನ ಕಂಪ್ಯೂಟರ್ ಒಂದೂವರೆ ಲಕ್ಷಕ್ಕೆ ತಡೆಯುತ್ತಿತ್ತು. ಎರಡು ಬ್ಯಾಂಕುಗಳ ಮೊತ್ತವನ್ನು ಕೂಡಿಸಿ ನೋಡಬೇಕಾದವರು ನಾವೇ. ಮಿತಿ ದಾಟಿದ ಹಣಕ್ಕೆ ಬಡ್ಡಿ ಇಲ್ಲ, ಅದನ್ನು ಹಾಗೆಯೇ ಹಿಂದಿರುಗಿಸುತ್ತಾರೆ. ತಡವಾಗಿ ಪತ್ತೆಯಾದರೆ ಅಷ್ಟು ವರ್ಷವೂ ಆ ಹಣ ಬಡ್ಡಿಯಿಲ್ಲದೆ ಕೂತಂತೆ. ಅತ್ತಿಗೆಯ ವಿಷಯದಲ್ಲಿ ಮಿತಿ ದಾಟಿಸಿದ್ದು ಮಾರ್ಚ್ 28ರ ಠೇವಣಿ. ಅದಕ್ಕೆ ಆ ವರ್ಷ ಬಡ್ಡಿ ಬಂದೇ ಇರಲಿಲ್ಲವಾದ್ದರಿಂದ 33,370 ರೂಪಾಯಿ ಹಾಗೇ ಉಳಿಯಿತು.

ಮರುದಿನ ಎರಡೂ ಪಾಸ್‌ಬುಕ್‌ಗಳ ಜೆರಾಕ್ಸ್ ಮಾಡಿಸಿ, 25,000 ರೂಪಾಯಿ ಮಿತಿ ಮೀರಿ ಕಟ್ಟಿದ್ದೇನೆ, ಹಿಂದಿರುಗಿಸಿ ಎಂದು ಅತ್ತಿಗೆ ತಮ್ಮ ಬ್ಯಾಂಕಿಗೆ ಅರ್ಜಿ ಬರೆದು ಕೊಟ್ಟರು. ಹಣ ಉಳಿತಾಯ ಖಾತೆಗೆ ಬಂತು. ಅದನ್ನು ಹೊಸ ವರ್ಷದ ಠೇವಣಿಯಾಗಿ ಮತ್ತೆ ಪಿಪಿಎಫ್‌ಗೆ ಹಾಕಿದರು, ಈ ಸಲ ಚೆಕ್ ಬರೆಯದೆ, ತಿಂಗಳ ಒಂದನೇ ತಾರೀಕು ಮೊಬೈಲಿನಲ್ಲೇ.