ಹಾಸು, ಹೊಕ್ಕು, ಹುರಿ

ಸೀರೆ ಅಂಗಡಿಯ ಹುಡುಗ ಎರಡು ತೆಳು ಸೀರೆ ಬಿಚ್ಚಿ ಹರಡಿ, "ಇದು ಶಿಫಾನ್, ಇದು ಜಾರ್ಜೆಟ್" ಅಂದ. "ವ್ಯತ್ಯಾಸ ಏನಪ್ಪಾ?" ಎಂದು ನಮ್ಮಕ್ಕ ಕೇಳಿದರೆ, "ಇದಕ್ಕೆ ಇನ್ನೂರು ಜಾಸ್ತಿ, ಅಮ್ಮಾ" ಎಂಬುದೇ ಉತ್ತರ.

ಹೆಸರುಗಳನ್ನು ಕೆದಕಿದರೂ ಹೆಚ್ಚೇನೂ ಸಿಗುವುದಿಲ್ಲ. ಫ್ರೆಂಚರ ಮನೆಮಾತಿನಲ್ಲಿ ಶಿಫಾನ್ ಅಂದರೆ ಚಿಂದಿ, ಒರೆಸುವ ಬಟ್ಟೆ. ಜಾರ್ಜೆಟ್ ಎಂಬುದು ಉಡುಪು ಹೊಲಿಸುತ್ತಿದ್ದ ಒಬ್ಬ ಫ್ರೆಂಚ್ ಹೆಂಗಸಿನ ಹೆಸರು. ಡೆನಿಮ್‌ನೊಳಗೆ ಅಡಗಿರುವುದು ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣ ಎನ್ನುತ್ತಾರೆ. ಬಟ್ಟೆ ಹೇಗಾಯಿತೆಂದು ತಿಳಿಯಲು ನಮ್ಮ ನೇಕಾರರ ಮೂರು ಮಾತು ಸಾಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿ ಅಡ್ಡಕ್ಕೆ ಒಯ್ಯುವ ಎಳೆ ಹೊಕ್ಕು, ಎಳೆಗೆ ಕೊಟ್ಟ ತಿರುಚು ಹುರಿ.

ಜಾರ್ಜೆಟ್‌ನ ಗುಟ್ಟೆಲ್ಲ ಹುರಿಯಲ್ಲಿದೆ. ಎಳೆಗೆ ವಿಪರೀತ ಹುರಿ ಕೊಟ್ಟು, ಎಡಕ್ಕೆ ತಿರುಚಿದ್ದನ್ನೂ ಬಲಕ್ಕೆ ತಿರುಚಿದ್ದನ್ನೂ ಹಾಸು ಹೊಕ್ಕು ಎರಡರಲ್ಲೂ ಸರದಿಯಂತೆ ಬಳಸುತ್ತಾರೆ. ರೇಷ್ಮೆಯದಾದರೆ ಮಗ್ಗದಿಂದ ಇಳಿದಾಗ ಬಟ್ಟೆ ಬಿರುಸಾಗಿ, ಚಪ್ಪಟೆಯಾಗಿರುತ್ತದೆ. ಸೋಪಿನ ನೀರಲ್ಲಿ ಕುದಿಸಿ ಅಂಟು ಬಿಡಿಸಿದಾಗ ಅದುಮಿಟ್ಟ ಹುರಿ ಸಡಿಲಗೊಂಡು, ಎಳೆಗಳು ಒಂದೊಂದು ಕಡೆಗೆ ಸೆಳೆದು ಬಟ್ಟೆ ಸುಕ್ಕಾಗುತ್ತದೆ. ಆ ಸಣ್ಣ ತರಿಯೇ ಜಾರ್ಜೆಟ್. ಶಿಫಾನ್‌ನಲ್ಲೂ ಹುರಿಯಿದೆ, ಆದರೆ ಎಳೆ ಇನ್ನೂ ಸಣ್ಣ, ನೇಯ್ಗೆ ಇನ್ನೂ ವಿರಳ. ಹಾಗಾಗಿ ಅದು ಹಗುರ, ನುಣುಪು, ಆಚೆ ಬದಿ ಕಾಣುವಷ್ಟು ಪಾರದರ್ಶಕ. ಅಂಚಿನಿಂದ ಒಂದೆಳೆ ಎಳೆದು ಸಡಿಲ ಬಿಡಿ. ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡರೆ ಹುರಿ ಜೋರಾಗಿದೆ ಎಂದೇ ಅರ್ಥ. ಇದರಿಂದ ರೇಷ್ಮೆಯೋ ಪಾಲಿಯೆಸ್ಟರೋ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಇಂದು ಅಂಗಡಿಯಲ್ಲಿರುವುದು ಬಹುಪಾಲು ಎರಡನೆಯದೇ.

ಡೆನಿಮ್‌ನದು ಹಾಸುಹೊಕ್ಕಿನ ಆಟ. ಹಾಸಿಗೆ ಮಾತ್ರ ನೀಲಿ, ಹೊಕ್ಕು ಬಿಳಿ. ಸಾಮಾನ್ಯವಾಗಿ ಹಾಸಿನ ಎಳೆ ಮೂರು ಹೊಕ್ಕಿನ ಮೇಲೆ ಹಾದು ಒಂದರ ಕೆಳಗೆ ನುಸುಳುತ್ತದೆ. ಸಾಲಿನಿಂದ ಸಾಲಿಗೆ ಒಂದೊಂದೆಳೆ ಸರಿಯುವುದರಿಂದ ಓರೆಗೆರೆ ಮೂಡುತ್ತದೆ. ಪ್ಯಾಂಟಿನ ಕಾಲು ಮಡಚಿದರೆ ಒಳಗೆ ಬೆಳ್ಳಗೆ ಕಾಣುವುದೂ ಇದಕ್ಕೇ. ನೀಲಿ ಬಣ್ಣ ಎಳೆಯ ತಿರುಳಿಗೆ ಇಳಿಯದೆ ಮೈಮೇಲಷ್ಟೇ ಕೂತಿರುತ್ತದೆ. ಮೊಣಕಾಲು ಉಜ್ಜಿದಂತೆಲ್ಲ ಒಳಗಿನ ಬಿಳುಪು ಹೊರಬರುತ್ತದೆ. ಅದನ್ನೇ ಕಾರ್ಖಾನೆಯಲ್ಲಿ ಉಜ್ಜಿಸಿ ಹೆಚ್ಚಿನ ಬೆಲೆಗೆ ಮಾರುತ್ತಾರೆ, ನಾವೂ ಕೊಳ್ಳುತ್ತೇವೆ.

ಖಾದಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಹುರಿ ಕೊಟ್ಟವರು ಯಾರು? ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ, ಖಾದಿಯಲ್ಲ. ಹಂಜಿಯಿಂದ ನೂಲು ತೆಗೆದದ್ದೂ ಕೈಯಾಗಿರಬೇಕು, ನೇಯ್ದದ್ದೂ ಕೈಯಾಗಿರಬೇಕು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎಳೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ಆದರೆ ಅಂಬರ ಚರಕದ ನೂಲು ಸಾಕಷ್ಟು ಸಮನಾಗಿ ಬರುತ್ತದೆ, ಗಿರಣಿಗಳೂ ಬೇಕೆಂದೇ ಗಂಟುಗಂಟಾದ ನೂಲು ತೆಗೆಯುತ್ತವೆ. ಹಾಗಾಗಿ ಕಣ್ಣನ್ನಷ್ಟೇ ನಂಬದೆ ಖಾದಿ ಮಾರ್ಕ್ ಚೀಟಿಯನ್ನೂ ನೋಡುವುದು ವಾಸಿ.

ಅಕ್ಕ ಅಂದು ಎರಡೂ ಸೀರೆಯ ಅಂಚಿನಿಂದ ಒಂದೊಂದು ಎಳೆ ಎಳೆದಳು. ಹುಡುಗ "ಅಮ್ಮಾ, ಅಮ್ಮಾ" ಎನ್ನುತ್ತ ಸೀರೆ ಮಡಚತೊಡಗಿದ.